ಹರಳಿನ ಉಂಗುರಕ್ಕೆ 18, ಸಾದಾ ಬಳೆಗೆ 22

"ಚಿಕ್ಕಪ್ಪ, ದಿನಾ ಹಾಕ್ಕೊಳ್ಳೋಕೆ ಒಂದೇ ವಜ್ರದ ಉಂಗುರ ಮಾಡಿಸ್ತಾ ಇದ್ದೀನಿ. ಅಂಗಡಿಯವ್ರು 18 ಕ್ಯಾರೆಟ್ ಅಂತಾರೆ. ಅಮ್ಮ ಮಾತ್ರ, ನಮ್ಮಜ್ಜಿ ಬೆಂಡೋಲೆ 22ರಲ್ಲೇ ಇದ್ದು ಐವತ್ತು ವರ್ಷ ಒಂದು ಹರಳೂ ಬಿದ್ದಿಲ್ಲ, ಅದರಲ್ಲೇ ಮಾಡಿಸು ಅಂತಾರೆ. ಯಾವುದು ಸರಿ?"

ಮಗಳೇ, ಈ ಉಂಗುರವನ್ನು 18ರಲ್ಲೇ ಮಾಡಿಸು. ಅತ್ತಿಗೆ ಹೇಳಿದ ಬೆಂಡೋಲೆಯ ಮಾತೂ ನಿಜವೇ, ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ಆ ಓಲೆಯನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿರಿ. ಪ್ರತಿಯೊಂದು ಹರಳೂ ಚಿನ್ನದ ಪುಟ್ಟ ಗೂಡಿನೊಳಗೆ ಕುಳಿತಿದೆ, ಗೂಡಿನ ಅಂಚನ್ನು ಸುತ್ತಲೂ ಹರಳಿನ ಮೇಲೆ ಒತ್ತಿ ಕೂರಿಸಲಾಗಿದೆ. ಹಾಗೆ ಒತ್ತುವುದಕ್ಕೆ ಮೆತ್ತನೆಯ ಚಿನ್ನವೇ ಬೇಕು, ಅದು ಹರಳಿನ ಮೈಗೆ ಅಂಟಿಕೊಂಡಂತೆ ಮಡಿಚಿಕೊಳ್ಳುತ್ತದೆ. ಅಲ್ಲದೆ ಕಿವಿಯಲ್ಲಿರುವ ಒಡವೆ ದಿನವೆಲ್ಲ ಯಾವುದಕ್ಕೂ ಬಡಿಯುವುದಿಲ್ಲ. ಈ ಎರಡು ಕಾರಣಗಳಿಂದ ಅಜ್ಜಿಯ ಓಲೆ ಉಳಿದಿದೆ, ಮತ್ತು ಈ ಎರಡೂ ನಿನ್ನ ಉಂಗುರಕ್ಕೆ ಇಲ್ಲ.

ನೀನು ಕಳಿಸಿದ ಚಿತ್ರದಲ್ಲಿ ವಜ್ರವನ್ನು ಹಿಡಿದಿರುವುದು ನಾಲ್ಕು ಸಣ್ಣ ಕಡ್ಡಿಗಳು, ಅಂಗಡಿಯವರು ಇವನ್ನು ಪ್ರಾಂಗ್ ಎನ್ನುತ್ತಾರೆ. ಒಂದೊಂದೂ ಸುಮಾರು 1 ಮಿಲಿಮೀಟರ್ ದಪ್ಪವಿರುತ್ತದೆ. ಹರಳಿನ ಅಂಚು ಕೂರಲೆಂದು ಕೆಲಸಗಾರ ಪ್ರತಿ ಕಡ್ಡಿಯ ಒಳಬದಿಯಲ್ಲಿ ಒಂದು ಕಚ್ಚು ಕೊರೆಯುತ್ತಾನೆ. ಆ ಜಾಗದಲ್ಲಿ ಕಡ್ಡಿಯ ದಪ್ಪದಲ್ಲಿ ಸುಮಾರು ಮೂರರಲ್ಲೊಂದು ಪಾಲು ಹೋಗುತ್ತದೆ. ಅದರ ಮೇಲಿನ ತುದಿಯನ್ನು ಬಗ್ಗಿಸಿ ವಜ್ರದ ಮೇಲೆ ಕೂರಿಸುತ್ತಾನೆ. ಅಂದರೆ ಇಡೀ ಹರಳನ್ನು ಉಳಿಸಬೇಕಾದದ್ದು, ಉಂಗುರದಲ್ಲೇ ಅತ್ಯಂತ ತೆಳುವಾದ ನಾಲ್ಕು ತುದಿಗಳು.

22 ಕ್ಯಾರೆಟ್‌ನಲ್ಲಿ ಸಾವಿರಕ್ಕೆ 916 ಪಾಲು ಚಿನ್ನ, 18ರಲ್ಲಿ 750 ಪಾಲು. ಉಳಿದದ್ದು ಹೆಚ್ಚಾಗಿ ಬೆಳ್ಳಿ ಮತ್ತು ತಾಮ್ರ. ಈ ಬೆರಕೆಯನ್ನು ಕಲಬೆರಕೆ ಎಂದು ತಿಳಿಯಬೇಡಿ, ಒಡವೆಗೆ ಗಟ್ಟಿತನ ಕೊಡುವುದೇ ಅದು. ಬಾಗಿಲಿನ ಚಿಲಕಕ್ಕೋ ಕುಕ್ಕರಿನ ಹಿಡಿಗೋ ಕೈ ತಗುಲಿದಾಗ 18ರ ತುದಿ ಸ್ವಲ್ಪ ಮಣಿದು ತನ್ನ ಜಾಗಕ್ಕೆ ಮರಳುತ್ತದೆ. 22ರದು ಬಗ್ಗಿದಲ್ಲೇ ಉಳಿಯುತ್ತದೆ. ಕೂದಲೆಳೆಯಷ್ಟು ಎದ್ದ ಆ ತುದಿಗೆ ಸೀರೆಯ ಎಳೆಯೋ ಸ್ವೆಟರಿನ ನೂಲೋ ಸಿಕ್ಕಿಕೊಳ್ಳುತ್ತದೆ, ಪ್ರತಿ ಎಳೆತಕ್ಕೂ ಅದು ಇನ್ನಷ್ಟು ಏಳುತ್ತದೆ.

ಇದು ನನ್ನ ಕೈಯಿಂದಲೇ ಆದ ತಪ್ಪು. ಅಕ್ಕಸಾಲಿ ಕೆಲಸದ ಮೊದಲ ವರ್ಷಗಳಲ್ಲಿ ನಿನ್ನ ಚಿಕ್ಕಮ್ಮನಿಗೆ 22ರಲ್ಲೇ ನಾಲ್ಕು ಕಡ್ಡಿಯ ಉಂಗುರ ಮಾಡಿಕೊಟ್ಟಿದ್ದೆ. ಸೆರಗು ಸಿಕ್ಕಿಕೊಳ್ಳುತ್ತದೆ ಎಂದು ಅವಳು ಎರಡು ಸಲ ಹೇಳಿದಳು, ನಾನು ಕಡ್ಡಿಯ ತುದಿಯನ್ನು ಒತ್ತಿ ಕೊಟ್ಟು ಸುಮ್ಮನಾದೆ. ಮೂರನೆಯ ಸಲ ಅವಳು ಹಿಟ್ಟು ಕಲಸಿ ಕೈ ತೊಳೆದು ನೋಡಿದಾಗ ಗೂಡು ಖಾಲಿಯಾಗಿತ್ತು. ಹಿಟ್ಟನ್ನೆಲ್ಲ ನೀರಿನಲ್ಲಿ ಕದಡಿ ಬಟ್ಟೆಯಲ್ಲಿ ಸೋಸಿದೆವು, ಹರಳು ಸಿಗಲಿಲ್ಲ. ಆ ಎರಡು ಸೂಚನೆಗಳನ್ನು ನಾನು ಅರ್ಥಮಾಡಿಕೊಳ್ಳಬೇಕಾಗಿತ್ತು ಎಂಬ ನೋವು ಇಂದಿಗೂ ಇದೆ. ಆದ್ದರಿಂದ ನೀನು ತಿಂಗಳಿಗೊಮ್ಮೆ ಉಂಗುರವನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಟ್ಟಿ ನೋಡು. ಸಣ್ಣಗೆ ಕಿಣಿಕಿಣಿ ಎಂದರೆ ಹರಳು ಸಡಿಲವಾಗಿದೆ. ಆಮೇಲೆ ಒಂದು ಚೂರು ಹತ್ತಿಯನ್ನು ಕಡ್ಡಿಗಳ ಮೇಲೆ ಸವರು. ಎಳೆ ಉಳಿದುಕೊಂಡ ಕಡೆ ತುದಿ ಎದ್ದಿರುತ್ತದೆ, ಆಗ ಅದನ್ನು ಕಳಚಿಟ್ಟು ಸರಿಮಾಡಿಸು. 18ರಲ್ಲೂ ಈ ಪರೀಕ್ಷೆ ಬಿಡಬಾರದು, ಏಕೆಂದರೆ ಕಡ್ಡಿ ಬಗ್ಗದಿದ್ದರೂ ವರ್ಷಗಳಲ್ಲಿ ಸವೆಯುತ್ತದೆ. ಸಾಧ್ಯವಾದರೆ ನಾಲ್ಕರ ಬದಲು ಆರು ಕಡ್ಡಿ ಇಡಿಸು, ಒಂದು ಸೋತರೂ ಉಳಿದ ಐದು ಹಿಡಿದಿರುತ್ತವೆ.

22ರಲ್ಲೇ ಆಗಬೇಕೆಂದು ಅತ್ತಿಗೆಯ ಮನಸ್ಸಿದ್ದರೆ ಅದಕ್ಕೂ ದಾರಿಯಿದೆ. ಕಡ್ಡಿ ಬೇಡವೆಂದು ಹೇಳಿ, ವಜ್ರದ ಸುತ್ತ ಓಲೆಯಲ್ಲಿರುವಂತೆ ಗೋಡೆ ಕಟ್ಟಿಸಿರಿ, ಅದು ದಪ್ಪವಾಗಿಯೇ ಇರಲಿ. ಹರಳು ಸ್ವಲ್ಪ ಚಿಕ್ಕದಾಗಿ ಕಾಣುತ್ತದೆ, ಆದರೆ ಭದ್ರ.

ಬಣ್ಣದ ವಿಷಯದಲ್ಲಿ ನಿನಗೆ ಒಂದು ಸಣ್ಣ ನಿರಾಸೆ ಆಗಬಹುದು. 22ರ ಬಳೆಯ ಪಕ್ಕದಲ್ಲಿ 18ರ ಹಳದಿ ಉಂಗುರ ತುಸು ಪೇಲವವಾಗಿ ಕಾಣುತ್ತದೆ, ತಾಮ್ರ ಹೆಚ್ಚು ಸೇರಿಸಿದ್ದರೆ ನಸುಗೆಂಪಾಗಿರುತ್ತದೆ. ಬಣ್ಣ ಹೊಂದಲೆಂದು ಮೇಲೆ ಗಾಢ ಹಳದಿಯ ಲೇಪ ಕೊಡುವವರಿದ್ದಾರೆ. ಬೆರಳಿನ ಮೇಲೆ ಆ ಲೇಪ ಬಹುಕಾಲ ನಿಲ್ಲುವುದಿಲ್ಲ, ಅಂಗೈ ಕಡೆಯಿಂದ ಮೊದಲು ಹೋಗುತ್ತದೆ, ಹಾಗಾಗಿ ಬೇಡವೆನ್ನು. ಇನ್ನು ಹರಳಿನ ದೃಷ್ಟಿಯಿಂದ ಪೇಲವ ಬಣ್ಣವೇ ಒಳ್ಳೆಯದು. ಕಡ್ಡಿಯ ಗಾಢ ಹಳದಿ ವಜ್ರದೊಳಗೆ ಪ್ರತಿಫಲಿಸಿ, ಬಿಳಿಯ ಹರಳೂ ಸ್ವಲ್ಪ ಹಳದಿಗೆ ತಿರುಗಿದಂತೆ ಕಾಣುತ್ತದೆ. ಅಂಗಡಿಯವರು ಕಡ್ಡಿಗಳನ್ನು ಮಾತ್ರ ಬಿಳಿ ಚಿನ್ನದಲ್ಲಿ ಮಾಡುತ್ತೇವೆ ಎಂದರೆ, ಅದರ ಮೇಲಿನ ರೋಡಿಯಂ ಎಂಬ ಬಿಳಿ ಲೋಹದ ಲೇಪವನ್ನು ಆಗಾಗ ಹೊಸದಾಗಿ ಹಾಕಿಸಬೇಕಾಗುತ್ತದೆ ಎಂಬುದು ಗೊತ್ತಿರಲಿ. ಬಿಳಿ ಚಿನ್ನದಲ್ಲಿ ನಿಕ್ಕಲ್ ಇದೆಯೇ ಎಂದೂ ಕೇಳು, ಕೆಲವರ ಚರ್ಮಕ್ಕೆ ಅದರಿಂದ ತುರಿಕೆ ಬರುತ್ತದೆ.

ಮತ್ತೊಂದು ಮಾತು. ಈ ಉಂಗುರವನ್ನು ನಿನ್ನ 22ರ ಮದುವೆಯ ಉಂಗುರದ ಜೊತೆ ಒಂದೇ ಬೆರಳಿಗೆ ಹಾಕಬೇಡ. ಗಟ್ಟಿಯಾದದ್ದು ಮೆತ್ತನೆಯದನ್ನು ಉಜ್ಜಿ ತೆಳುವಾಗಿಸುತ್ತದೆ.

ಈಗ ಹಣದ ಲೆಕ್ಕ, ಅತ್ತಿಗೆಯ ನಿಜವಾದ ಚಿಂತೆ ಇದೇ ಎಂದು ನನಗೆ ಅನಿಸುತ್ತದೆ. ಹರಳು ಬಿಟ್ಟು 4 ಗ್ರಾಂ ತೂಗುವ 22ರ ಉಂಗುರದಲ್ಲಿ ಸುಮಾರು 3.66 ಗ್ರಾಂ ಅಪ್ಪಟ ಚಿನ್ನವಿರುತ್ತದೆ. ಅದೇ ಅಚ್ಚಿನಲ್ಲಿ 18ರದನ್ನು ಮಾಡಿದರೆ ಅದು ಹಗುರವಾಗಿ ಸುಮಾರು 3.5 ಗ್ರಾಂ ಬರುತ್ತದೆ, ಅಪ್ಪಟ ಚಿನ್ನ 2.6 ಗ್ರಾಂ ಅಷ್ಟೇ. ಒಂದು ಗ್ರಾಂ ಕಡಿಮೆ ಸಿಗುತ್ತದೆ, ಆ ಒಂದು ಗ್ರಾಮಿಗೆ ನೀವು ಹಣವನ್ನೂ ಕೊಟ್ಟಿರಬಾರದು. ಆದ್ದರಿಂದ ಬಿಲ್ಲಿನಲ್ಲಿ ಹಚ್ಚಿರುವುದು 18ರ ದರವೇ ಎಂದು ಓದಿ ನೋಡು, ಅದು 22ರ ದರಕ್ಕಿಂತ ಗ್ರಾಮಿಗೆ ಸುಮಾರು ನೂರಕ್ಕೆ ಹದಿನೆಂಟರಷ್ಟು ಕಡಿಮೆ ಇರಬೇಕು. ವಜ್ರದ ತೂಕವನ್ನು ಚಿನ್ನದ ತೂಕದಿಂದ ಕಳೆದು ಬೇರೆಯಾಗಿ ಬರೆದಿರಬೇಕು. ಹರಳಿನ ಕ್ಯಾರೆಟ್ ಎಂದರೆ ತೂಕ, ಚಿನ್ನದ ಕ್ಯಾರೆಟ್ ಎಂದರೆ ಶುದ್ಧತೆ, ಇವೆರಡನ್ನು ಬೆರೆಸಿಕೊಳ್ಳಬೇಡ. ನಿನ್ನ 0.30 ಕ್ಯಾರೆಟ್ ವಜ್ರದ ತೂಕ 0.06 ಗ್ರಾಂ ಮಾತ್ರ.

ಉಂಗುರದ ಒಳಮೈಯಲ್ಲಿ ಬಿಐಎಸ್ ಗುರುತು, 18K750 ಎಂಬ ಅಂಕಿ, ಮತ್ತು ಅಕ್ಷರ ಅಂಕಿಗಳು ಸೇರಿದ ಆರು ಸ್ಥಾನದ ಸಂಕೇತ ಇರಬೇಕು. ಆ ಸಂಕೇತವನ್ನು ಹಣ ಕೊಡುವ ಮೊದಲೇ, ಅಂಗಡಿಯಲ್ಲಿ ಕುಳಿತೇ, ಫೋನಿನ BIS Care ಆ್ಯಪ್‌ನಲ್ಲಿ ಹಾಕಿ ನೋಡು. ಅಲ್ಲಿ ಬರುವ ಒಡವೆಯ ಬಗೆ ಮತ್ತು ಶುದ್ಧತೆ ಎರಡೂ ಕೈಯಲ್ಲಿರುವ ಉಂಗುರಕ್ಕೆ ಹೊಂದಬೇಕು.

ಅತ್ತಿಗೆ, ಉಂಗುರದಲ್ಲಿ ಉಳಿಯುವ ಹಣದ ಜೊತೆ ಇನ್ನಷ್ಟು ಸೇರಿಸಿ, ಅವಳಿಗೆ ಹರಳಿಲ್ಲದ ಸಾದಾ ಬಳೆಯನ್ನು 22ರಲ್ಲೇ ಮಾಡಿಸಿ. ತೆಳು ತಗಡಿನ ಪೊಳ್ಳು ಬಳೆ ಬೇಡ, ಗಟ್ಟಿಯದೇ ಇರಲಿ. ಗಟ್ಟಿ ಬಳೆ ನೆಗ್ಗಿದರೆ ತಿದ್ದಿಕೊಡಬಹುದು, ಪೊಳ್ಳು ಬಳೆ ಒಮ್ಮೆ ನೆಗ್ಗಿದರೆ ಮೊದಲಿನ ರೂಪಕ್ಕೆ ತರುವುದು ಕಷ್ಟ.