40 ಅಡಿ ಉದ್ದ, 24 ಅಡಿ ಅಗಲದ ಗೋದಾಮಿನಲ್ಲಿ ಭತ್ತದ ಚೀಲ ಎಷ್ಟು ಹಿಡಿಯುತ್ತದೆ?

ಗೌಡ, ಅಂಕೋಲಾ: ನಮ್ಮ ರೈತರ ಗುಂಪಿನ ಗೋದಾಮು ಒಳ ಅಳತೆಯಲ್ಲಿ 40 ಅಡಿ ಉದ್ದ, 24 ಅಡಿ ಅಗಲ ಇದೆ. ಹಂಚಿನ ಮಾಡು, ಅಡ್ಡತೊಲೆ ನೆಲದಿಂದ 12 ಅಡಿ ಮೇಲೆ, ಬಾಗಿಲು 24 ಅಡಿಯ ಗೋಡೆಯ ನಡುವೆ. ಭತ್ತ ತುಂಬಿ ಮಲಗಿಸಿದ 50 ಕಿಲೋ ಚೀಲ 32 ಇಂಚು ಉದ್ದ, 20 ಇಂಚು ಅಗಲ, 8 ಇಂಚು ದಪ್ಪ ಬರುತ್ತದೆ. ವಾಟ್ಸಾಪಿನಲ್ಲಿ ಬಂದ ಸೂತ್ರದಂತೆ ಕೋಣೆಯ ಘನ ಅಳತೆಯನ್ನು ಚೀಲದ ಘನ ಅಳತೆಯಿಂದ ಭಾಗಿಸಿದರೆ 3,888 ಬರುತ್ತದೆ. ನಮ್ಮ ಹತ್ತಿರ ಇರುವುದು 1,600 ಚೀಲ. ಮಳೆಗಾಲ ಮುಗಿಯುವವರೆಗೆ ಇಡಬೇಕು. ಆರಾಮವಾಗಿ ಹಿಡಿಯುತ್ತದೆಯಲ್ಲವೇ ಸರ್?

ಶಾನಭಾಗ, ನಿವೃತ್ತ ಉಗ್ರಾಣ ಅಧೀಕ್ಷಕ, ಕುಮಟಾ: ಹಿಡಿಯುವುದಿಲ್ಲ ಗೌಡರೇ. 1,100 ಹಿಡಿದರೆ ಹೆಚ್ಚು. ಆ ಸೂತ್ರ ಗೋದಾಮನ್ನು ನೆಲದಿಂದ ತೊಲೆಯವರೆಗೆ ಇಟ್ಟಿಗೆ ತುಂಬಿದ ಪೆಟ್ಟಿಗೆಯೆಂದು ಭಾವಿಸುತ್ತದೆ. ಅದರಲ್ಲಿ ಮನುಷ್ಯ ನಡೆಯಲು, ಗಾಳಿ ಆಡಲು, ಚೀಲ ಎಣಿಸಲು ಒಂದು ಗೇಣು ಜಾಗವೂ ಇಲ್ಲ.

ಮೊದಲು ನೆಲವನ್ನು ಹಂಚಿಕೊಳ್ಳಿ. ನಾಲ್ಕೂ ಗೋಡೆಗಳಿಂದ ಎರಡೂವರೆ ಅಡಿ ಬಿಡಬೇಕು. ಬಾಗಿಲಿನಿಂದ ಹಿಂಗೋಡೆಯವರೆಗೆ ಹಮಾಲರು ಚೀಲ ಹೊತ್ತು ತಿರುಗಲು 5 ಅಡಿಯ ದಾರಿ ಬೇಕು, ನಡುವೆ ಅಡ್ಡಲಾಗಿ 3 ಅಡಿಯ ಇನ್ನೊಂದು ದಾರಿ ಬೇಕು. ಇಷ್ಟು ಕಳೆದರೆ ನಿಮಗೆ ಉಳಿಯುವುದು 7 ಅಡಿ ಅಗಲ, 16 ಅಡಿ ಉದ್ದದ ನಾಲ್ಕು ಅಟ್ಟಿಗಳ ಜಾಗ. ದೊಡ್ಡ ಸರ್ಕಾರಿ ಉಗ್ರಾಣಗಳಲ್ಲಿ 30 ಅಡಿಗೆ 20 ಅಡಿಯ ಅಟ್ಟಿ ಹಾಕುವುದು ರೂಢಿ, ಆದರೆ ಅದು ನಿಮ್ಮ ಕೋಣೆಗೆ ಹೊಂದುವುದಿಲ್ಲ.

ಇನ್ನು ಒಂದು ಥರದ ಲೆಕ್ಕ. 7 ಅಡಿಯೆಂದರೆ 84 ಇಂಚು, 16 ಅಡಿಯೆಂದರೆ 192 ಇಂಚು. ಮೊದಲ ಥರದಲ್ಲಿ ಎರಡು ಅಂಚಿನ ಸಾಲುಗಳ ಚೀಲಗಳನ್ನು ಅಡ್ಡಲಾಗಿ, ಬಾಯಿ ಒಳಗಡೆ ಬರುವಂತೆ, ಸಾಲಿಗೆ 9ರಂತೆ ಇಡಿಸಿ, ನಡುವಿನ ಸಾಲಿನಲ್ಲಿ ಉದ್ದಕ್ಕೆ 6 ಚೀಲ ಮಲಗಿಸಿ. ಅಗಲದಲ್ಲಿ 32, 20, 32 ಸೇರಿ ಸರಿಯಾಗಿ 84 ಇಂಚು ಆಗುತ್ತದೆ, ಒಟ್ಟು 24 ಚೀಲ. 9 ಚೀಲಗಳ ಅಗಲ 180 ಇಂಚು ಮಾತ್ರ ಆಗುವುದರಿಂದ ನಡುನಡುವೆ ಒಂದೂವರೆ ಇಂಚು ಸಂದು ಬಿಡಿಸಿ; ಮೇಲೆ ಭಾರ ಬಿದ್ದಂತೆ ಚೀಲ ಅಗಲವಾಗಿ ಆ ಸಂದು ತಾನಾಗಿ ಮುಚ್ಚುತ್ತದೆ. ಎರಡನೆಯ ಥರದಲ್ಲಿ ಎಲ್ಲ ಚೀಲಗಳನ್ನೂ ಉದ್ದಕ್ಕೆ, 6ರ ನಾಲ್ಕು ಸಾಲುಗಳಾಗಿ ಇಡಿಸಿ, ಅದೂ 24. ಮೂರನೆಯದು ಮತ್ತೆ ಮೊದಲಿನಂತೆ. ಹೀಗೆ ಥರ ಬದಲಾದಾಗ ಮೇಲಿನ ಚೀಲ ಕೆಳಗಿನ ಎರಡು ಚೀಲಗಳ ಸಂದಿನ ಮೇಲೆ ಕೂತು ಅವನ್ನು ಹಿಡಿದುಕೊಳ್ಳುತ್ತದೆ.

ಎತ್ತರದಲ್ಲಿ ಕೆಳಗಿನ ಮರದ ಚೌಕಟ್ಟಿಗೆ ಅರ್ಧ ಅಡಿ, ತೊಲೆಯ ಕೆಳಗೆ 3 ಅಡಿ ಹೋದರೆ ಎಂಟೂವರೆ ಅಡಿ ಉಳಿಯುತ್ತದೆ, ಅಂದರೆ 12 ಥರ. ಅಟ್ಟಿಗೆ 288, ನಾಲ್ಕಕ್ಕೆ 1,152. ಮೇಲಿನ ಎರಡು ಥರಗಳನ್ನು ಅಂಚಿನಿಂದ ಒಳಕ್ಕೆ ಎಳೆದು ಹಾಕಬೇಕಾದ್ದರಿಂದ ಅಟ್ಟಿಗೆ ಸುಮಾರು 13 ಚೀಲ ಕಡಿಮೆಯಾಗಿ 1,100 ಉಳಿಯುತ್ತದೆ.

ಇನ್ನೊಂದು ಮಾತು. 50 ಕಿಲೋ ಅಕ್ಕಿ ಹಿಡಿಯುವ ಗೋಣಿಯಲ್ಲಿ ಭತ್ತ ಸುಮಾರು 40 ಕಿಲೋ ಮಾತ್ರ ಹಿಡಿಯುತ್ತದೆ. ಚೀಲವನ್ನು 50ರಿಂದ ಗುಣಿಸಿ ದಾಸ್ತಾನು ಬರೆದರೆ 1,100 ಚೀಲಕ್ಕೆ 110 ಕ್ವಿಂಟಲ್ ಇಲ್ಲದ ಭತ್ತ ಪುಸ್ತಕದಲ್ಲಿ ಕಾಣಿಸುತ್ತದೆ. ಹತ್ತು ಚೀಲ ತೂಗಿ ಸರಾಸರಿ ಬರೆಯಿರಿ.

ಶೇಟ್, ಕಾರವಾರ: ನಮ್ಮ ಅಂಗಡಿಯ ಹಿಂದಿನ ಕೋಣೆಯೂ ಹೆಚ್ಚುಕಡಿಮೆ ಇದೇ ಅಳತೆಯದ್ದು. ಅದರಲ್ಲಿ ನಾವು 1,600 ಅಕ್ಕಿ ಚೀಲ ಹಾಕುತ್ತೇವೆ, ಗೋಡೆಗೆ ಜಾಗ ಬಿಡುವುದಿಲ್ಲ, ಏನೂ ಆಗಿಲ್ಲ. ಇಷ್ಟು ಜಾಗ ವ್ಯರ್ಥ ಮಾಡಿದರೆ ಬಾಡಿಗೆ ಯಾರು ಕಟ್ಟುತ್ತಾರೆ?

ಶಾನಭಾಗ, ಕುಮಟಾ: ನಿಮ್ಮ ಅಕ್ಕಿ ಎಷ್ಟು ದಿನ ನಿಲ್ಲುತ್ತದೆ ಶೇಟರೇ? ಎರಡು ವಾರದಲ್ಲಿ ಲಾರಿ ಹತ್ತುವ ಮಾಲಿಗೆ, ಬೇಸಿಗೆಯಲ್ಲಿ, ನಿಮ್ಮ ಲೆಕ್ಕ ನಡೆಯುತ್ತದೆ. ಗೌಡರ ಭತ್ತ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಿರೆಕಲ್ಲಿನ ಗೋಡೆಯ ಪಕ್ಕದಲ್ಲಿ ಇರಬೇಕು. ಗಾಳಿಮಳೆ ಹೊಡೆಯುವ ಬದಿಯ ಚಿರೆಕಲ್ಲು ನೀರು ಹೀರಿ ಒಳಮುಖವೂ ತಣ್ಣಗಾಗುತ್ತದೆ. ಅದಕ್ಕೆ ತಾಗಿದ ಚೀಲದ ಆ ಬದಿಯ ಭತ್ತ ಮುದ್ದೆಗಟ್ಟುತ್ತದೆ. ಎದುರಿನಿಂದ ನೋಡಿದರೆ ಚೀಲ ಚೆನ್ನಾಗಿಯೇ ಕಾಣುತ್ತದೆ.

ಹೆಗಡೆ, ಶಿರಸಿ: ಸರ್, ಇದೇ ಲೆಕ್ಕದಲ್ಲಿ ಚಾಲಿ ಅಡಿಕೆ ಚೀಲ ಎಷ್ಟು ಹಿಡಿಯಬಹುದು? ನಮ್ಮದು ಮಹಡಿಯ ಮೇಲಿನ ಕೋಣೆ.

ಶಾನಭಾಗ, ಕುಮಟಾ: ಮಹಡಿಯಾದರೆ ಚೀಲದ ಲೆಕ್ಕ ಆಮೇಲೆ. ನೆಲ ಎಷ್ಟು ಭಾರ ತಾಳುತ್ತದೆ ಎಂದು ಎಂಜಿನಿಯರರನ್ನು ಕೇಳಿ.

ನಾಯಕ, ಹೊನ್ನಾವರ: ಶಾನಭಾಗರು ಹೇಳಿದ್ದನ್ನು ಇಷ್ಟು ಕಷ್ಟ ಮಾಡಬೇಕಾಗಿಲ್ಲ. ಐದರ ಕಟ್ಟು ಸಾಕು: ಮೂರು ಚೀಲ ಅಡ್ಡ, ಎರಡು ಉದ್ದ, ಮೇಲಿನ ಥರದಲ್ಲಿ ಅದನ್ನೇ ತಿರುಗಿಸಿ ಹಾಕುವುದು. ನಾನು ರೈಸ್ ಮಿಲ್ಲಿನಲ್ಲಿ ಕೆಲಸ ಮಾಡಿದವನು, ಎಲ್ಲ ಕಡೆಯೂ ಇದೇ ನಡೆಯುತ್ತದೆ.

ಶಾನಭಾಗ, ಕುಮಟಾ: ಅರ್ಧ ಸರಿ ಇದೆ. ನಿಮ್ಮ ಐದರ ಕಟ್ಟು ಮೂರು ಸಲ ಬಂದರೆ ನಾನು ಹೇಳಿದ ಮೊದಲ ಥರದ ಎರಡು ಸಾಲುಗಳೇ ಆಗುತ್ತವೆ, ಎಣಿಸಿ ನೋಡಿ. ಆದರೆ 84 ಇಂಚಿನ ಅಗಲದಲ್ಲಿ ಕಟ್ಟಿನ ಪಕ್ಕಕ್ಕೆ 9 ಚೀಲಗಳ ಒಂದು ಅಡ್ಡಸಾಲು ಉಳಿಯುತ್ತದೆ. ನೀವು ಕಟ್ಟನ್ನು ಮಾತ್ರ ತಿರುಗಿಸಿದರೆ ಆ ಸಾಲು ಥರ ಥರಕ್ಕೂ ತನ್ನ ಮೇಲೆಯೇ ಬಿದ್ದು, ಅಟ್ಟಿಯ ಒಂದು ಮುಖ ಉಳಿದದ್ದಕ್ಕೆ ಹೆಣೆಯದೆ ಪ್ರತ್ಯೇಕ ಗೋಡೆಯಾಗಿ ನಿಲ್ಲುತ್ತದೆ. ಬೀಳುವಾಗ ಮೊದಲು ಬೀಳುವುದು ಆ ಮುಖವೇ.

ನಾಯಕ, ಹೊನ್ನಾವರ: ನಮ್ಮ ಮಿಲ್ಲಿನಲ್ಲಿ ಎಂದೂ ಬಿದ್ದಿಲ್ಲ.

ಶೇಟ್, ಕಾರವಾರ: ಬಿದ್ದಿಲ್ಲ ಎಂದು ನಾನು ಹೇಳಿದರೆ ಪಾಠ, ನಾಯಕರು ಹೇಳಿದರೆ ಅರ್ಧ ಸರಿ. ಇರಲಿ.

ಭಟ್ಟ, ಯಲ್ಲಾಪುರ: 40 ಅಡಿಗೆ 24 ಅಡಿ ಅಂದರೆ ಒಟ್ಟು ಎಷ್ಟು ಚೀಲ ಎಂದು ಒಂದೇ ಸಾಲಿನಲ್ಲಿ ಹೇಳಬಹುದೇ? ಮೇಲಿನದು ಉದ್ದವಾಯಿತು.

ಶಾನಭಾಗ, ಕುಮಟಾ: 1,100. ಮೇಲೆ ಇದೆ.

ಭಟ್ಟ, ಯಲ್ಲಾಪುರ: ಹಾಗಾದರೆ ಗೋಡೆಯ ಜಾಗ ಉಳಿಸಲು ಒಂದು ಉಪಾಯ ಬಂದಿದೆ, ಹಾಕುತ್ತಿದ್ದೇನೆ: “ಚೀಲಗಳನ್ನು ಒತ್ತೊತ್ತಾಗಿ ಜೋಡಿಸಿ ಸಂದುಗಳಲ್ಲಿ ಹುಳದ ಮಾತ್ರೆ ಇಟ್ಟರೆ ಗಾಳಿಗೆ ಜಾಗ ಬಿಡುವ ಅಗತ್ಯವೇ ಇಲ್ಲ, ಎಲ್ಲ ಗ್ರೂಪಿಗೂ ಕಳಿಸಿ.”

ಶಾನಭಾಗ, ಕುಮಟಾ: ಇದನ್ನು ದಯವಿಟ್ಟು ಅಳಿಸಿ ಭಟ್ಟರೇ, ಇನ್ನಾರಿಗೂ ಕಳಿಸಬೇಡಿ. ಅದು ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ. ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಅನಿಲ ಹೊರಡುತ್ತದೆ, ಅದು ಮನುಷ್ಯರನ್ನು ಕೊಲ್ಲುತ್ತದೆ. ಮನೆಗೆ ತಾಗಿದ ಗೋದಾಮಿನಲ್ಲಿ, ಹಂಚಿನ ಮಾಡಿನ ಕೆಳಗೆ ಅದನ್ನು ಇಡುವ ಮಾತೇ ಬೇಡ. ಅದನ್ನು ಬಳಸಲು ತರಬೇತಿ ಮತ್ತು ಅನುಮತಿ ಇರುವವರು ಇಡೀ ಅಟ್ಟಿಗೆ ಹೊದಿಕೆ ಹಾಕಿ, ಅಂಚಿನ ಸುತ್ತ ಮರಳಿನ ಚೀಲ ಒತ್ತಿ ಮುಚ್ಚುತ್ತಾರೆ. ಅದಕ್ಕೂ ಸುತ್ತ ಎರಡೂವರೆ ಅಡಿ ಜಾಗ ಬೇಕೇ ಬೇಕು. ಇಂಥ ಸಂದೇಶ ಓದದೆ ಮುಂದೆ ಕಳಿಸುವುದನ್ನು ಎಲ್ಲರೂ ನಿಲ್ಲಿಸಬೇಕು.

ಭಟ್ಟ, ಯಲ್ಲಾಪುರ: ನಾನು ಬರೆದದ್ದಲ್ಲ, ಬಂದದ್ದನ್ನು ಹಾಕಿದೆ. ಇಷ್ಟು ಗದರಿಸುವ ಅಗತ್ಯವಿರಲಿಲ್ಲ. ನಮ್ಮ ಅಜ್ಜ ಪಣತದಲ್ಲಿ ವರ್ಷಗಟ್ಟಲೆ ಭತ್ತ ಇಡುತ್ತಿದ್ದರು, ಯಾವ ಲೆಕ್ಕವೂ ಇರಲಿಲ್ಲ.

ನಾಯಕ, ಹೊನ್ನಾವರ: ಪಣತ ಬೇರೆ, ಗೋದಾಮು ಬೇರೆ. ಪಣತಕ್ಕೆ ಮರದ ಗೋಡೆ, ನೆಲದಿಂದ ಎತ್ತರ.

ಭಟ್ಟ, ಯಲ್ಲಾಪುರ: ನನಗೆ ಪಣತ ಏನೆಂದು ಹೇಳಿಕೊಡಬೇಡಿ.

ಗೌಡ, ಅಂಕೋಲಾ: ಸರ್, ಒಂದು ವಿಷಯ ಹೇಳಿರಲಿಲ್ಲ. 1,600ರಲ್ಲಿ 300 ಚೀಲ ಆಗಲೇ ಒಳಗೆ ಹಾಕಿದ್ದೇವೆ, ಪಶ್ಚಿಮದ ಉದ್ದಗೋಡೆಗೆ ತಾಗಿಸಿ, ಎರಡು ಸಾಲು, 15 ಥರ. ಅವು ಪ್ಲಾಸ್ಟಿಕ್ ಚೀಲ, ಅಳತೆ ಅದೇ. ಎಲ್ಲವೂ ಉದ್ದಕ್ಕೇ ಇವೆ. ನಿನ್ನೆಯಿಂದ ಎದುರಿನ ಸಾಲು ನಡುವಿನಲ್ಲಿ ಹೊರಗೆ ಉಬ್ಬಿದಂತೆ ಕಾಣುತ್ತದೆ. ಬಿದಿರಿನ ಊರೆ ಕೊಟ್ಟರೆ ಸಾಕೇ?

ಶಾನಭಾಗ, ಕುಮಟಾ: ಊರೆ ಕೊಡಲು ಯಾರೂ ಅದರ ಎದುರಿಗೆ ಹೋಗಬೇಡಿ. ಮೊದಲು ಬಾಗಿಲಿಗೆ ಬೀಗ ಹಾಕಿ, ಮಕ್ಕಳು ಒಳಗೆ ಹೋಗದಂತೆ ನೋಡಿ.

ಪ್ಲಾಸ್ಟಿಕ್ ಚೀಲದ ಮೈ ನುಣುಪು. ಗೋಣಿಯ ಒರಟು ನಾರು ಮೇಲಿನ ಚೀಲವನ್ನು ಹಿಡಿದುಕೊಳ್ಳುವಂತೆ ಅದು ಹಿಡಿಯುವುದಿಲ್ಲ. ಅದರ ಮೇಲೆ ನೀವು 15 ಥರಗಳನ್ನೂ ಒಂದೇ ದಿಕ್ಕಿಗೆ ಇಟ್ಟಿದ್ದೀರಿ, ಹಾಗಾಗಿ ಎರಡು ಸಾಲುಗಳನ್ನು ಒಂದಕ್ಕೊಂದು ಕಟ್ಟುವ ಒಂದು ಚೀಲವೂ ಇಲ್ಲ. ಹಿಂದಿನ ಸಾಲಿಗೆ ಗೋಡೆ ಇದೆ; ಅದು ಅಗಲವಾಗಲು ಜಾಗವಿಲ್ಲದೆ ಎದುರಿನ ಸಾಲನ್ನು ತಳ್ಳುತ್ತದೆ. 20 ಇಂಚು ಅಗಲದ ಸಾಲು 10 ಅಡಿ ಎತ್ತರಕ್ಕೆ ಒಂಟಿಯಾಗಿ ನಿಂತಿದೆ ಎಂದು ತಿಳಿಯಿರಿ. 40 ಕಿಲೋ ಚೀಲ ತಲೆಯ ಮೇಲಿನಿಂದ ಒಂದು ಬಿದ್ದರೂ ಸಾಕು, ಇಲ್ಲಿ ಬೀಳುವುದು ಒಂದಲ್ಲ.

ಪಕ್ಕದ ತುದಿಯಿಂದ ಏಣಿ ಇಟ್ಟು ಮೇಲಿನ ಚೀಲದ ಅಂಚಿನಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಡಿ. ತುದಿಯ ಕೆಳಚೀಲಕ್ಕೂ ದಾರಕ್ಕೂ ಎಷ್ಟು ಅಂತರ ಇದೆ ಎಂದು ಗುರುತು ಮಾಡಿ, ಎರಡು ಗಂಟೆ ಬಿಟ್ಟು ಮತ್ತೆ ನೋಡಿ. ಹಾಗೆಯೇ ಗೋಡೆಯ ಹೊರಮುಖದಲ್ಲಿ ಕಲ್ಲಿನ ಸಂದಿನ ಗಾರೆ ಹೊಸದಾಗಿ ಬಿರಿದಿದೆಯೇ ನೋಡಿ. ಅಂತರ ಬದಲಾಗಿದ್ದರೆ ಇಂದೇ ಇಳಿಸಬೇಕು, ಬದಲಾಗದಿದ್ದರೂ ನಾಳೆ ಇಳಿಸಲೇಬೇಕು. ಇಳಿಸುವವರು ತುದಿಯ ಏಣಿಯಿಂದ ಹತ್ತಿ, ಗೋಡೆಯ ಬದಿಯ ಸಾಲಿನ ಮೇಲೆ ನಿಂತು, ಮೇಲಿನ ಥರವನ್ನು ಪೂರ್ತಿ ತೆಗೆದ ಮೇಲೆಯೇ ಮುಂದಿನದಕ್ಕೆ ಕೈ ಹಾಕಬೇಕು. ತೆಗೆದ ಚೀಲಗಳನ್ನು ತುದಿಯಿಂದಲೇ ಕೆಳಗೆ ಕೊಡಬೇಕು. ಉಬ್ಬಿದ ಮುಖದ ಎದುರು ಯಾರೂ ನಿಲ್ಲಕೂಡದು. ಉಬ್ಬಿದ ಚೀಲವನ್ನು ನಡುವಿನಿಂದ ಎಳೆದರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ.

ನಾಯಕ, ಹೊನ್ನಾವರ: ಎರಡು ಬಿದಿರಿನ ಊರೆ ಕೊಟ್ಟು ಇಳಿಸುವುದು ವಾಡಿಕೆ. ಹಮಾಲರು ಇಂಥದನ್ನು ದಿನಾ ನೋಡುತ್ತಾರೆ.

ಶೇಟ್, ಕಾರವಾರ: ವಾಡಿಕೆ ಇರಬಹುದು, ಊರೆ ಕೊಡುವವನು ಎಲ್ಲಿ ನಿಲ್ಲುತ್ತಾನೆ? ಈ ಒಂದು ವಿಷಯದಲ್ಲಿ ಶಾನಭಾಗರ ಮಾತೇ ಸರಿ.

ಹೆಗಡೆ, ಶಿರಸಿ: ಸರ್, ನಮ್ಮ ಮಹಡಿ ಮರದ ತೊಲೆಯದ್ದು. ಎಂಜಿನಿಯರ್ ಸಿಗದಿದ್ದರೆ ತೊಲೆಯ ದಪ್ಪದಿಂದ ಅಂದಾಜು ಹೇಳಬಹುದೇ?

ಗೌಡ, ಅಂಕೋಲಾ: ದಾರ ನೋಡಿದೆವು, ಅರ್ಧ ಇಂಚು ಬದಲಾಗಿದೆ. ಹಮಾಲರು ಬರುತ್ತಿದ್ದಾರೆ. ಇಳಿಸಿದ 300 ಚೀಲ ಎಲ್ಲಿ ಹಾಕಲಿ?

ಶಾನಭಾಗ, ಕುಮಟಾ: ನಡುವಿನ ದಾರಿ ಬಿಟ್ಟು ಪೂರ್ವದ ಬದಿಯ ಎರಡು ಅಟ್ಟಿಗಳ ಜಾಗದಲ್ಲಿ ಹಾಕಿ. ಥರಕ್ಕೆ 24ರಂತೆ, ಮೊದಲು ಹೇಳಿದ ಹಾಗೆಯೇ ದಿಕ್ಕು ಬದಲಿಸಿ. ಪ್ಲಾಸ್ಟಿಕ್ ಚೀಲಕ್ಕೆ ನಾನು 8 ಥರ ಮೀರಲು ಬಿಡುವುದಿಲ್ಲ. ನಿಮ್ಮ 300 ಎರಡು ಅಟ್ಟಿಗಳಲ್ಲಿ 6 ಥರ ತುಂಬಿ ಸ್ವಲ್ಪ ಉಳಿಯುತ್ತದೆ, ಅದು ಏಳನೆಯದಕ್ಕೆ. ಹಾಕುವ ಮೊದಲು ಗೋಡೆಗೆ ತಾಗಿದ್ದ ಪ್ರತಿ ಚೀಲದ ಒಳಗೆ ಕೈ ಹಾಕಿ; ಬಿಸಿ, ಮುದ್ದೆ ಅಥವಾ ಹುಳಿವಾಸನೆ ಇದ್ದರೆ ಬೇರೆಯಾಗಿ ಒಣಗಿಸಿ. ಉಳಿದ ಎರಡು ಅಟ್ಟಿಗಳಲ್ಲಿ ಗೋಣಿಚೀಲ 550 ಹಿಡಿಯುತ್ತದೆ.

ಗೌಡ, ಅಂಕೋಲಾ: ಹಾಗಾದರೆ ಒಟ್ಟು 850 ಆಯಿತು ಸರ್. 1,100 ಎಂದಿದ್ದಿರಿ.

ಶಾನಭಾಗ, ಕುಮಟಾ: ಅದು ಎಲ್ಲವೂ ಗೋಣಿಯಾದರೆ. 300ನ್ನೂ ಗೋಣಿಗೆ ತುಂಬಿಸಿದರೆ 1,100. ಇಲ್ಲವಾದರೆ 850, ಮತ್ತು 750 ಚೀಲಕ್ಕೆ ಬೇರೆ ಜಾಗ ನೋಡಬೇಕು.