ಪದಚರ್ಚೆ: ಯೂರಿಯಾ ಪರೀಕ್ಷೆಯ ಸೂಚನೆಯಲ್ಲಿ ‘ಸಂರಕ್ಷಕ’ ಅಂದರೆ ಯಾವುದು?

ಅನುವಾದಕಿ

ಎಲ್ಲರಿಗೂ ನಮಸ್ಕಾರ. ರಕ್ತ ತೆಗೆಯುವ ಸಿಬ್ಬಂದಿಗಾಗಿ ಒಂದು ಸೂಚನಾ ಹಾಳೆಯನ್ನು ಕನ್ನಡದಲ್ಲಿ ಸಿದ್ಧ ಮಾಡುತ್ತಿದ್ದೇನೆ. ರಕ್ತದ ಯೂರಿಯಾ ಪರೀಕ್ಷೆಯ ಭಾಗದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ನನ್ನ ಕೈಗೆ ಬಂದಿರುವ ಹಳೆಯ ಕರಡಿನಲ್ಲಿ ಎರಡು ಸಾಲುಗಳಿವೆ. ಒಂದು: ‘ಸಂರಕ್ಷಕ ಹಾಕಿದ ಟ್ಯೂಬಿನಲ್ಲಿ ರಕ್ತ ತೆಗೆಯಬಾರದು.’ ಅದರ ಕೆಳಗೇ ಇನ್ನೊಂದು: ‘ಸೀರಂ ಇಲ್ಲವೇ ಸಂರಕ್ಷಕವಿರುವ ಪ್ಲಾಸ್ಮಾ ಆಗಬಹುದು.’ ಒಂದಕ್ಕೊಂದು ಹೊಂದುತ್ತಿಲ್ಲ. ರಕ್ತ ಹೆಪ್ಪುಗಟ್ಟದಂತೆ ಹಾಕುವ ಹೆಪಾರಿನ್‌ಗೂ ಸಕ್ಕರೆ ಪರೀಕ್ಷೆಯ ಟ್ಯೂಬಿನಲ್ಲಿರುವ ಫ್ಲೋರೈಡ್‌ಗೂ ಒಂದೇ ಪದ ಹಾಕಿದ್ದಾರೆ ಅನ್ನಿಸುತ್ತದೆ. ಎರಡಕ್ಕೂ ಬೇರೆ ಬೇರೆ ಪದ ಬೇಕು. ಅಷ್ಟೇ ಅಲ್ಲ, ಕೆಡದಂತೆ ಕಾಪಾಡುವ ವಸ್ತು ಯೂರಿಯಾಕ್ಕೆ ಯಾಕೆ ಬೇಡ ಅಂತ ನನಗೇ ಸರಿಯಾಗಿ ಗೊತ್ತಾದರೆ ಸಾಲು ನೇರವಾಗಿ ಬರುತ್ತದೆ.

ಇನ್ನೊಂದು ಸಣ್ಣ ವಿಷಯ. ತಲೆಬರಹ ‘ಯೂರಿಯಾದ ಅಂದಾಜು’ ಎಂದಿದೆ. ಇದು ಸರಿಯೇ?

ರಸಾಯನ ಶಾಸ್ತ್ರದ ಮೇಷ್ಟ್ರು

‘ಅಂದಾಜು’ ಬೇಡ. ಓದಿದವರಿಗೆ ಕಣ್ಣಳತೆಯ ಲೆಕ್ಕ ಅನ್ನಿಸುತ್ತದೆ. ‘ಯೂರಿಯಾ ಅಳೆಯುವುದು’ ಅಂದರೆ ಸಾಕು.

ಫ್ಲೋರೈಡ್ ವಿಷಯಕ್ಕೆ ಬಂದರೆ, ಅದು ಕಿಣ್ವಗಳನ್ನು ತಡೆಯುತ್ತದೆ. ರಕ್ತಕಣಗಳು ಸಕ್ಕರೆಯನ್ನು ತಿಂದು ಮುಗಿಸದ ಹಾಗೆ ಅದನ್ನು ಹಾಕುತ್ತಾರೆ. ನೀವು ಹೇಳುವ ಪರೀಕ್ಷೆಯಲ್ಲಿ ಯೂರಿಯೇಸ್ ಅನ್ನುವುದೂ ಕಿಣ್ವವೇ. ಆದ್ದರಿಂದ ‘ಕಿಣ್ವತಡೆ’ ಅನ್ನಿ, ಸಮಸ್ಯೆಯೂ ಪದದಲ್ಲೇ ಗೊತ್ತಾಗುತ್ತದೆ.

ಜೊತೆಗೆ ಇನ್ನೊಂದು ಸಾಲು ಸೇರಿಸಿ. ಇಲ್ಲಿ ಕೊನೆಗೆ ಅಳೆಯುವುದು ಅಮೋನಿಯಾವನ್ನು. ರಕ್ತವನ್ನು ಹಾಗೇ ಇಟ್ಟರೆ ಅದರಲ್ಲಿ ಅಮೋನಿಯಾ ಏರುತ್ತದೆ. ಹಾಗಾಗಿ ಸ್ಯಾಂಪಲ್ಲನ್ನು ಐಸ್‌ನಲ್ಲೇ ಕಳಿಸಬೇಕು, ಇಲ್ಲವಾದರೆ ಯೂರಿಯಾ ಜಾಸ್ತಿ ತೋರಿಸುತ್ತದೆ.

ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು

ಮೇಷ್ಟ್ರು ಹೇಳಿದ ಮೊದಲ ಭಾಗ ಪೂರ್ತಿ ನಿಜ. ಐಸ್ ವಿಷಯ ಮಾತ್ರ ಬೇರೆ ಪರೀಕ್ಷೆಯದು. ಮೊದಲು ಫ್ಲೋರೈಡ್ ನೋಡೋಣ.

ಈ ವಿಧಾನದಲ್ಲಿ ಎರಡು ಹಂತಗಳಿವೆ. ನಾವು ಬಳಸುತ್ತಿದ್ದ ಕಿಟ್‌ನಲ್ಲಿ 10 ಮೈಕ್ರೋಲೀಟರ್ ಸೀರಂಗೆ 1 ಮಿ.ಲೀ. ಮೊದಲ ದ್ರಾವಣ ಹಾಕಿ 37 ಡಿಗ್ರಿಯಲ್ಲಿ 5 ನಿಮಿಷ ಇಡುತ್ತಿದ್ದೆವು. ಅದರಲ್ಲಿ ಯೂರಿಯೇಸ್, ಸ್ಯಾಲಿಸಿಲೇಟ್, ನೈಟ್ರೋಪ್ರುಸೈಡ್ ಇರುತ್ತವೆ. ಯೂರಿಯೇಸ್ ಒಂದೊಂದು ಯೂರಿಯಾ ಅಣುವನ್ನು ಒಡೆದು ಎರಡೆರಡು ಅಮೋನಿಯಾ ಬಿಡಿಸುತ್ತದೆ. ಆಮೇಲೆ ಕ್ಷಾರದಲ್ಲಿ ಕಲಸಿದ ಹೈಪೋಕ್ಲೋರೈಟ್ 1 ಮಿ.ಲೀ. ಹಾಕಿದರೆ ಅಮೋನಿಯಾ ಹಸಿರು ಬಣ್ಣ ಕೊಡುತ್ತದೆ. ಕ್ಷಾರ ಬಿದ್ದ ಕೂಡಲೇ ಯೂರಿಯೇಸ್ ಕೆಲಸ ನಿಲ್ಲುತ್ತದೆ. ಅಂದರೆ ಅಷ್ಟರೊಳಗೆ ಎಷ್ಟು ಯೂರಿಯಾ ಒಡೆದಿದೆಯೋ ಅಷ್ಟಕ್ಕೆ ಮಾತ್ರ ಬಣ್ಣ. ಇದು ಬರ್ತೆಲೋ 1859ರಲ್ಲಿ ಹೇಳಿದ ಬಣ್ಣದ ಕ್ರಿಯೆಯ ಈಗಿನ ರೂಪ. ಹಳೆಯದರಲ್ಲಿ ಫೀನಾಲ್ ಇತ್ತು, ಬಣ್ಣ ನೀಲಿ.

ಫ್ಲೋರೈಡ್ ಕೆಡಿಸುವುದು ಮೊದಲ ಹಂತವನ್ನು. ಬಣ್ಣದ ಹಂತಕ್ಕೆ ಅದರಿಂದ ತೊಂದರೆ ಇಲ್ಲ. ಇದನ್ನು ಸುಲಭವಾಗಿ ಪರೀಕ್ಷಿಸಬಹುದು. ಯೂರಿಯಾದ ಬದಲು ಅಮೋನಿಯಂ ಕ್ಲೋರೈಡ್ ದ್ರಾವಣ ತೆಗೆದುಕೊಂಡು, ಒಂದು ಭಾಗಕ್ಕೆ ಫ್ಲೋರೈಡ್ ಸೇರಿಸಿ ಇನ್ನೊಂದನ್ನು ಹಾಗೇ ಬಿಡಿ. ಎರಡರಲ್ಲೂ ಬಣ್ಣ ಒಂದೇ ಬರುತ್ತದೆ.

ನಾನು ಕಂಡ ಒಂದು ಸ್ಯಾಂಪಲ್ ಹೇಳುತ್ತೇನೆ. ಸಕ್ಕರೆಗೂ ಯೂರಿಯಾಕ್ಕೂ ಒಂದೇ ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬ್ ಬಂದಿತ್ತು. 2 ಮಿ.ಲೀ. ತುಂಬಬೇಕಾದ ಟ್ಯೂಬಿನಲ್ಲಿ ಅರ್ಧ ಮಿ.ಲೀ. ರಕ್ತ ಇತ್ತು. ಹಾಗಾಗಿ ಫ್ಲೋರೈಡ್ ನಾಲ್ಕು ಪಟ್ಟು ಗಟ್ಟಿ. ಡೆಸಿಲೀಟರ್‌ಗೆ 50 ಮಿ.ಗ್ರಾಂ. ಯೂರಿಯಾ ಇದೆಯೆಂದು ಗೊತ್ತಿರುವ ಸ್ಟ್ಯಾಂಡರ್ಡ್‌ನ ಓ.ಡಿ., ಅಂದರೆ ಬಣ್ಣದ ಗಾಢತೆಯ ಅಳತೆ, 0.400, ಸ್ಯಾಂಪಲ್‌ನದು 0.312. ಲೆಕ್ಕ ಹಾಕಿದರೆ 0.312 ÷ 0.400 × 50, ಅಂದರೆ ಡೆಸಿಲೀಟರ್‌ಗೆ 39 ಮಿ.ಗ್ರಾಂ. ದೊಡ್ಡವರಲ್ಲಿ ಸಾಮಾನ್ಯವಾಗಿ 15ರಿಂದ 40 ಇರುತ್ತದೆ, ಹಾಗಾಗಿ ಈ ಉತ್ತರ ಯಾರ ಕಣ್ಣಿಗೂ ಕುಟುಕುವುದಿಲ್ಲ. ಆದರೆ ಅದೇ ರೋಗಿಯ ಕ್ರಿಯಾಟಿನಿನ್ 2.4 ಇತ್ತು. ಮೂತ್ರಪಿಂಡ ಸೋತಾಗ ಯೂರಿಯಾದ ಹಾಗೇ ಅದೂ ರಕ್ತದಲ್ಲಿ ಏರುತ್ತದೆ. ಕ್ರಿಯಾಟಿನಿನ್ ಅಷ್ಟು ಏರಿರುವಾಗ ಯೂರಿಯಾ ಇಷ್ಟು ಆರಾಮಾಗಿ ಕೂತಿರುವುದು ಅನುಮಾನ ತರುವ ವಿಷಯ.

ಅದೇ ಸ್ಯಾಂಪಲ್ಲನ್ನು ಯೂರಿಯೇಸ್ ಜೊತೆ 5ರ ಬದಲು 15 ನಿಮಿಷ ಇಟ್ಟಾಗ 51 ಬಂತು. ಇಲ್ಲೇ ಸುಳಿವು ಸಿಕ್ಕಿತು. ಯೂರಿಯಾ ಎಲ್ಲ ಒಡೆದು ಮುಗಿದಿದ್ದರೆ ಹೊತ್ತು ಹೆಚ್ಚಿಸಿದರೂ ಉತ್ತರ ಏರಬಾರದು. ಕೆಂಪು ಮುಚ್ಚಳದ ಖಾಲಿ ಟ್ಯೂಬಿನಲ್ಲಿ ಹೊಸದಾಗಿ ರಕ್ತ ತರಿಸಿದೆವು. ಓ.ಡಿ. 0.496, ಉತ್ತರ 62. ಅದನ್ನು 15 ನಿಮಿಷ ಇಟ್ಟರೂ 62ರ ಆಸುಪಾಸೇ.

ಅನುವಾದಕಿ

ಈಗ ಅರ್ಥವಾಯಿತು. ಅಂದರೆ ಫ್ಲೋರೈಡ್ ರಕ್ತದಲ್ಲಿರುವ ಯೂರಿಯಾವನ್ನು ಏನೂ ಮಾಡುವುದಿಲ್ಲ, ನಮ್ಮ ಅಳತೆಯ ಕಿಣ್ವವನ್ನು ಕಟ್ಟಿಹಾಕುತ್ತದೆ. ಹಾಗಾದರೆ ‘ಸಂರಕ್ಷಕ’ ಅನ್ನುವ ಪದ ಓದುಗರನ್ನು ಉಲ್ಟಾ ದಾರಿಗೆ ಎಳೆಯುತ್ತದೆ. ‘ಚೆನ್ನಾಗಿ ಕಾಪಾಡುತ್ತದಲ್ವಾ, ಇದರಲ್ಲೇ ತೆಗೆಯೋಣ’ ಅನ್ನಿಸುತ್ತದೆ.

ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವವರು

ನಮ್ಮ ತಂದೆಯವರ ರಿಪೋರ್ಟಿನಲ್ಲೂ ಇದೇ ಆಗಿರಬೇಕು! ಒಂದು ಕಡೆ 41, ವಾರದೊಳಗೆ ಇನ್ನೊಂದು ಕಡೆ 19. ಎರಡನೆಯವರು ಫ್ಲೋರೈಡ್ ಟ್ಯೂಬ್ ಬಳಸಿದ್ದಾರೆ ಅನ್ನಿಸುತ್ತದೆ. ನಾನು ಹೋಗಿ ಕೇಳಲೇ?

ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು

ಕೇಳುವ ಮೊದಲು ಎರಡೂ ರಿಪೋರ್ಟಿನಲ್ಲಿ ಪರೀಕ್ಷೆಯ ಹೆಸರು ನೋಡಿ. ಒಂದರಲ್ಲಿ ‘ಯೂರಿಯಾ’, ಇನ್ನೊಂದರಲ್ಲಿ ‘ಯೂರಿಯಾ ನೈಟ್ರೋಜನ್’ ಇರಬಹುದು. ಎರಡನೆಯದು ಯೂರಿಯಾದೊಳಗಿನ ಸಾರಜನಕದ ತೂಕ ಮಾತ್ರ. ಅದನ್ನು 2.14ರಿಂದ ಗುಣಿಸಿದರೆ ಯೂರಿಯಾ ಸಿಗುತ್ತದೆ. 19 × 2.14 ಅಂದರೆ 40.7. ಹೆಸರು ಹಾಗೇ ಇದ್ದರೆ ಎರಡು ಉತ್ತರಗಳೂ ಒಂದೇ. ಎರಡರಲ್ಲೂ ಬರೀ ‘ಯೂರಿಯಾ’ ಎಂದಿದ್ದರೆ ಆಗ ಖಂಡಿತ ಕೇಳಿ, ಡಾಕ್ಟರಿಗೂ ತೋರಿಸಿ.

ಮೇಷ್ಟ್ರ ಐಸ್ ವಿಷಯಕ್ಕೆ ಬರುತ್ತೇನೆ. ರಕ್ತ ಇಟ್ಟಷ್ಟೂ ಅಮೋನಿಯಾ ಏರುವುದು ನಿಜ. ಅಮೋನಿಯಾವನ್ನೇ ಅಳೆಯುವ ಪರೀಕ್ಷೆಗೆ ಐಸ್ ಬೇಕೇ ಬೇಕು. ಆದರೆ ಯೂರಿಯಾದ ಮುಂದೆ ಅದು ಎಷ್ಟು ಅಂತ ನೋಡಿ. ಅಮೋನಿಯಾ ಲೀಟರ್‌ಗೆ 200 ಮೈಕ್ರೋಮೋಲ್‌ವರೆಗೆ ಏರಿತು ಅಂದುಕೊಳ್ಳಿ. ಅದು ಬಹಳ ಜಾಸ್ತಿಯೇ. ಎರಡು ಅಮೋನಿಯಾಕ್ಕೆ ಒಂದು ಯೂರಿಯಾ, ಹಾಗಾಗಿ 100 ಮೈಕ್ರೋಮೋಲ್ ಯೂರಿಯಾಕ್ಕೆ ಸಮ. ಡೆಸಿಲೀಟರ್‌ಗೆ 0.6 ಮಿ.ಗ್ರಾಂ. 40ರ ಪಕ್ಕದಲ್ಲಿ ಅದು ಕಾಣಿಸುವುದೇ ಇಲ್ಲ.

ನಿಜವಾಗಿ ಹೆದರಬೇಕಾದ್ದು ಹೊರಗಿನಿಂದ ನಾವೇ ಹಾಕುವ ಅಮೋನಿಯಾಕ್ಕೆ. ಹಿಂದೆ ರಕ್ತಕಣದ ಪರೀಕ್ಷೆಗೆ ಎರಡು ಆಕ್ಸಲೇಟ್‌ಗಳ ಮಿಶ್ರಣದ ಬಾಟಲಿ ಇರುತ್ತಿತ್ತು. ಅದರಲ್ಲಿ 1 ಮಿ.ಲೀ. ರಕ್ತಕ್ಕೆ 1.2 ಮಿ.ಗ್ರಾಂ. ಅಮೋನಿಯಂ ಆಕ್ಸಲೇಟ್. ಅದರ ಒಂದೊಂದು ಅಣುವಿನಲ್ಲೂ ಎರಡು ಅಮೋನಿಯಂ ಇದೆ, ಒಂದು ಯೂರಿಯಾ ಕೊಡುವಷ್ಟೇ. ಅಣುತೂಕ 142, ಯೂರಿಯಾದ್ದು 60. 1.2 × 60 ÷ 142 ಅಂದರೆ ಸುಮಾರು 0.5 ಮಿ.ಗ್ರಾಂ. ಡೆಸಿಲೀಟರ್ ಲೆಕ್ಕದಲ್ಲಿ 50. ಆರೋಗ್ಯವಂತರ ರಕ್ತದಲ್ಲಿ ಇರುವ ಯೂರಿಯಾಕ್ಕಿಂತ ಹೆಚ್ಚು, ಬರೀ ಬಾಟಲಿಯಿಂದ! ಈಗ ಆ ಬಾಟಲಿ ಕಡಿಮೆಯಾಗಿದೆ, ಆದರೆ ಹೆಪಾರಿನ್‌ನಲ್ಲೂ ಅಮೋನಿಯಂ ಹೆಪಾರಿನ್ ಅಂತ ಒಂದಿದೆ. ಲಿಥಿಯಂ ಹೆಪಾರಿನ್ ಆದರೆ ನಡೆಯುತ್ತದೆ. ಹಸಿರು ಮುಚ್ಚಳ ನೋಡಿ ನಂಬಬಾರದು, ಲೇಬಲ್ ಓದಬೇಕು.

ಇಂಥ ಅನುಮಾನ ಬಂದಾಗ ಯೂರಿಯೇಸ್ ಹಾಕದೆ ಅದೇ ಸ್ಯಾಂಪಲ್‌ಗೆ ಬಣ್ಣ ಬರಿಸಿ ನೋಡಬೇಕು. ಹಸಿರಾದರೆ ಆ ಅಮೋನಿಯಾ ಯೂರಿಯಾದಿಂದ ಬಂದದ್ದಲ್ಲ. ಸ್ಯಾಂಪಲ್ ಹಾಕದ ಖಾಲಿ ದ್ರಾವಣವೇ ತೆಳು ಹಳದಿಯ ಬದಲು ಹಸಿರಾಗಿದ್ದರೆ ನೀರಿನ ಮೇಲೆ ಅನುಮಾನ. ಇಲ್ಲವೇ ಪಕ್ಕದಲ್ಲೇ ಅಮೋನಿಯಾ ಇರುವ ದ್ರಾವಣದಿಂದ ನೆಲ ಒರೆಸಿರಬಹುದು. ಟ್ಯೂಬುಗಳ ಬಾಯಿ ತೆರೆದಿಟ್ಟರೆ ಗಾಳಿಯಿಂದಲೇ ಹೀರಿಕೊಳ್ಳುತ್ತವೆ.

ರಸಾಯನ ಶಾಸ್ತ್ರದ ಮೇಷ್ಟ್ರು

ಲೆಕ್ಕ ಒಪ್ಪಿದೆ. ಐಸ್ ಸಾಲು ಬೇಡ. ಆದರೆ ಸ್ಯಾಂಪಲ್ಲನ್ನು ಹೊರಗೆ ಎಷ್ಟು ಹೊತ್ತು ಬೇಕಾದರೂ ಇಡಬಹುದು ಅಂತ ಓದುಗರು ತಿಳಿದರೆ?

ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು

ಅದು ಒಳ್ಳೆಯ ಪ್ರಶ್ನೆ. ಹಾಗೆ ತಿಳಿಯಬಾರದು. ಕೆಲವು ಬ್ಯಾಕ್ಟೀರಿಯಾಗಳಲ್ಲೇ ಯೂರಿಯೇಸ್ ಇದೆ. ಅವು ಸೇರಿಕೊಂಡರೆ ಯೂರಿಯಾವನ್ನು ಮೊದಲೇ ಒಡೆಯುತ್ತವೆ. ಸೀರಂ ಬೇರೆ ಮಾಡಿ, ಮುಚ್ಚಿ, ಅದೇ ದಿನ ಮಾಡದಿದ್ದರೆ 2ರಿಂದ 8 ಡಿಗ್ರಿಯ ಫ್ರಿಜ್‌ನಲ್ಲಿಡಿ ಅಂತ ಬರೆದರೆ ಸಾಕು.

ಪದದ ವಿಷಯದಲ್ಲಿ ನನಗೆ ‘ಕಿಣ್ವತಡೆ’ ಹಿಡಿಸುವುದಿಲ್ಲ. ರಕ್ತ ತೆಗೆಯುವವರ ಕೈಯಲ್ಲಿರುವುದು ಟ್ಯೂಬ್. ಅವರು ಅದನ್ನು ‘ಫ್ಲೋರೈಡ್ ಟ್ಯೂಬ್’ ಇಲ್ಲವೇ ‘ಶುಗರ್ ಟ್ಯೂಬ್’ ಅನ್ನುತ್ತಾರೆ. ಅದನ್ನೇ ಬರೆಯಿರಿ.

ರಸಾಯನ ಶಾಸ್ತ್ರದ ಮೇಷ್ಟ್ರು

ಹಾಳೆಗೆ ಅದು ಸರಿ. ಪಾಠ ಹೇಳುವಾಗ ಮಾತ್ರ ಕಾರಣ ಕಾಣುವ ಪದ ಬೇಕು. ನಾನು ‘ಕಿಣ್ವತಡೆ’ಯನ್ನು ಬಿಡುವುದಿಲ್ಲ.

ಅನುವಾದಕಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ‘ಸಂರಕ್ಷಕ’ವನ್ನು ಎರಡೂ ಕಡೆ ತೆಗೆದುಹಾಕಿದ್ದೇನೆ. ಈಗ ಹೀಗಿದೆ:

‘ಯೂರಿಯಾ ಅಳೆಯಲು ಖಾಲಿ ಟ್ಯೂಬಿನಲ್ಲಿ ರಕ್ತ ತೆಗೆಯಿರಿ. ಫ್ಲೋರೈಡ್ ಟ್ಯೂಬ್ ಬೇಡ: ಅದು ಯೂರಿಯೇಸನ್ನು ತಡೆಯುತ್ತದೆ, ಉತ್ತರ ಕಡಿಮೆ ಬರುತ್ತದೆ. ಹೆಪ್ಪುತಡೆ ಬೇಕಾದರೆ ಲಿಥಿಯಂ ಹೆಪಾರಿನ್ ಆಗಬಹುದು. ಅಮೋನಿಯಂ ಎಂದು ಲೇಬಲ್‌ನಲ್ಲಿರುವ ಯಾವ ಟ್ಯೂಬೂ ಬೇಡ: ಉತ್ತರ ಹೆಚ್ಚು ಬರುತ್ತದೆ. ಸೀರಂ ಬೇರೆ ಮಾಡಿ, ಮುಚ್ಚಿಡಿ. ಅದೇ ದಿನ ಪರೀಕ್ಷೆ ಆಗದಿದ್ದರೆ ಫ್ರಿಜ್‌ನಲ್ಲಿಡಿ.’

‘ಹೆಪ್ಪುತಡೆ’ ನಾನೇ ಕಟ್ಟಿದ್ದು. ‘ಹೆಪ್ಪುರೋಧಕ’ಕ್ಕಿಂತ ಬಾಯಿಗೆ ಹಗುರ ಅನ್ನಿಸಿತು. ಓದಿದ ಕೂಡಲೇ ತಿಳಿಯುತ್ತದೆಯೇ, ಇಲ್ಲ ‘ರಕ್ತ ಹೆಪ್ಪುಗಟ್ಟದಂತೆ ಹಾಕುವ ವಸ್ತು’ ಅಂತ ಉದ್ದಕ್ಕೇ ಬಿಡಲೇ?

ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವವರು

ರಿಪೋರ್ಟ್ ತೆಗೆದು ನೋಡಿದೆ. 19 ಇದ್ದ ಕಡೆ ‘ಯೂರಿಯಾ ನೈಟ್ರೋಜನ್’ ಎಂದೇ ಇದೆ. ‘ಹೆಪ್ಪುತಡೆ’ ನನಗೆ ಓದಿದ ಕೂಡಲೇ ತಿಳಿಯಿತು.