ಪಿಐಪಿ ನಡುವೆ ಏಪ್ರಿಲ್ ಬಂದರೆ ಹೈಕ್ ಕಥೆ ಏನು?

ಕೊಟ್ಟಾರದ ಟೆಸ್ಟರ್: ಮೇಡಂ, ಕೆಲಸ ಸುಧಾರಿಸಿಕೊಳ್ಳಿ ಅಂತ ಫೆಬ್ರವರಿ 10ರಿಂದ 60 ದಿನದ ಪಿಐಪಿ ಹಾಕಿದ್ದಾರೆ. ನಮ್ಮಲ್ಲಿ ಹೈಕ್ ಏಪ್ರಿಲ್ 1ಕ್ಕೆ, ಬೋನಸ್ ಜೂನ್‌ನಲ್ಲಿ. "ಪಾಸಾದರೆ ಎಲ್ಲ ಸಿಗ್ತದೆ" ಅಂತ ಮ್ಯಾನೇಜರ್ ಹೇಳಿದ್ದಾರೆ. ನಂಬಿ ಕೂರಬಹುದಾ?

ಎಚ್‌ಆರ್ ಮೇಡಂ: ಬೇಡ. ಪಿಐಪಿ ಮುಗಿಯುವುದು ಏಪ್ರಿಲ್ 10ಕ್ಕೆ. ಅಷ್ಟರಲ್ಲಿ ಹೈಕ್ ಪಟ್ಟಿ ಮುಗಿದಿರಬಹುದು. "ಸಿಗ್ತದೆ" ಸರಿ, ಯಾವ ತಾರೀಕಿನಿಂದ? ಸಂಬಳ 58,000, ಹೈಕ್ ಶೇಕಡಾ 8 ಅಂತಿಟ್ಟುಕೊಳ್ಳಿ. ತಿಂಗಳಿಗೆ 4,640 ಜಾಸ್ತಿ. ಏಪ್ರಿಲ್ 1ರಿಂದ ಅರಿಯರ್ಸ್ ಸಮೇತ ಕೊಟ್ಟರೆ ನಷ್ಟವಿಲ್ಲ. ಜುಲೈಯಿಂದ ಕೊಟ್ಟರೆ 13,920 ಹೋಯಿತು. ಮುಂದಿನ ಏಪ್ರಿಲ್‌ಗೆ ದೂಡಿದರೆ 55,680.

ಬೋನಸ್‌ಗೆ ನಿಮ್ಮ ಆಫರ್ ಲೆಟರ್ ತೆಗೆದು ವೇರಿಯಬಲ್ ಪೇ ಇರುವ ಸಾಲು ಓದಿ. ಹಣ ಕೊಡುವ ದಿನ ಕೆಲಸದಲ್ಲಿರಬೇಕು, ನೋಟಿಸ್ ಪೀರಿಯಡ್‌ನಲ್ಲಿ ಇರಬಾರದು ಅಂತ ಎಷ್ಟೋ ಕಡೆ ಬರೆದಿರುತ್ತಾರೆ. ಹಾಗಿದ್ದರೆ ಬೇಸರದಲ್ಲಿ ಮೇಯಲ್ಲಿ ರಾಜೀನಾಮೆ ಕೊಟ್ಟವರಿಗೆ ಕಳೆದ ವರ್ಷ ದುಡಿದದ್ದೂ ಕೈತಪ್ಪುತ್ತದೆ. ಪಿಐಪಿಯನ್ನು 30 ದಿನದಂತೆ ಎರಡು ಸಲ ಎಳೆದರೆ ಜೂನ್ ಬಂದೇಬಿಡುತ್ತದೆ.

ಇವತ್ತೇ ಎಚ್‌ಆರ್‌ಗೆ ಮೇಲ್ ಹಾಕಿ, ಮ್ಯಾನೇಜರ್‌ಗೆ ಸಿಸಿ ಇರಲಿ: "ನಿನ್ನೆಯ ಮಾತಿನಂತೆ, ಪಿಐಪಿ ಮುಗಿದರೆ ಹೈಕ್ ಯಾವ ತಾರೀಕಿನಿಂದ ಲೆಕ್ಕ? ಮಾರ್ಚ್‌ವರೆಗಿನ ವೇರಿಯಬಲ್‌ಗೆ ಯಾವ ರೇಟಿಂಗ್? ಅವಧಿ ವಿಸ್ತರಿಸಿದರೆ ಇವೆರಡೂ ಏನಾಗುತ್ತವೆ? ಮುಗಿದಾಗ ಕ್ಲೋಷರ್ ಲೆಟರ್ ಕೊಡುತ್ತೀರಾ?"

ಸುರತ್ಕಲ್‌ನವರು: ಸಹಿಯೇ ಹಾಕಬೇಡಿ! ಪಿಐಪಿ ಕಾನೂನುಬಾಹಿರ ಅಂತ ವಾಟ್ಸಾಪಲ್ಲಿ ಬಂದಿದೆ.

ಎಚ್‌ಆರ್ ಮೇಡಂ: ಆ ಫಾರ್ವರ್ಡ್ ಮೂರನೇ ಸಲ ನೋಡುತ್ತಿದ್ದೇನೆ. ತಪ್ಪು. ಸಹಿ ಹಾಕದಿದ್ದರೂ ಪಿಐಪಿ ನಡೆಯುತ್ತದೆ, ಸಹಕರಿಸಲಿಲ್ಲ ಅಂತ ಬರೆದುಕೊಳ್ಳುತ್ತಾರೆ. "ತಲುಪಿದೆ, ಒಪ್ಪಿಗೆಯಲ್ಲ" ಅಂತ ಬರೆದು ಸಹಿ ಹಾಕಿ.

ಉಡುಪಿ ಅಕೌಂಟೆಂಟ್: ಬೋನಸ್ ಶೇಕಡಾ 8.33 ಕಾನೂನು ಪ್ರಕಾರ ಕೊಡಲೇಬೇಕು ಮಾರಾಯ್ರೆ.

ಎಚ್‌ಆರ್ ಮೇಡಂ: ಅದು ಕಡಿಮೆ ಸಂಬಳದವರಿಗೆ. ಅವರಿಗಾದರೆ ಪಿಐಪಿ ಕಾರಣ ಹೇಳಿ ಅದನ್ನು ತಡೆಯುವಂತಿಲ್ಲ. 58,000 ಸಂಬಳಕ್ಕೆ ಅದು ಬರುವುದಿಲ್ಲ.

ಸುರತ್ಕಲ್‌ನವರು: ಮೇಡಂ ಕಂಪನಿ ಪರ ಮಾತಾಡ್ತಿದ್ದಾರೆ.

ಉಡುಪಿ ಅಕೌಂಟೆಂಟ್: ಓದಿ ಮಾತಾಡಿ. ನೋಟಿಸ್ ಪೀರಿಯಡ್ ವಿಷಯ ನನಗೇ ಆದದ್ದು. ಹಣ ಹಾಕುವುದಕ್ಕೆ ಒಂಬತ್ತು ದಿನ ಮೊದಲು ರಾಜೀನಾಮೆ ಕೊಟ್ಟೆ. ಒಂದು ಪೈಸೆ ಬರಲಿಲ್ಲ.

ಸುರತ್ಕಲ್‌ನವರು: ನಿಮ್ಮ ಕಥೆ ಇಲ್ಲಿ ಯಾರೂ ಕೇಳಲಿಲ್ಲ.

ಮಣಿಪಾಲದವರು: ಪಿಐಪಿಯಲ್ಲಿದ್ದಾಗ ಬೇರೆ ಟೀಮಿಗೆ ಟ್ರಾನ್ಸ್‌ಫರ್ ಕೇಳಬಹುದಾ?

ಪಂಪ್‌ವೆಲ್‌ನಿಂದ: ಸಹಿ ಹಾಕಬೇಕಾ ಬೇಡವಾ?

ಎಚ್‌ಆರ್ ಮೇಡಂ: ಮೇಲೆ ಬರೆದಿದ್ದೇನೆ.

ಕೊಟ್ಟಾರದ ಟೆಸ್ಟರ್: ಮೇಲ್‌ಗೆ ಉತ್ತರ ಬಂತು ಮೇಡಂ. "ಪಾಲಿಸಿ ಪ್ರಕಾರ ಪರಿಗಣಿಸಲಾಗುವುದು" ಅಂತ ಒಂದೇ ಸಾಲು.

ಎಚ್‌ಆರ್ ಮೇಡಂ: ಅದರಲ್ಲಿ ತಾರೀಕೇ ಇಲ್ಲ. ಪಾಲಿಸಿಯ ಪ್ರತಿ ಕೇಳಿ. ಪಿಐಪಿಯಲ್ಲಿರುವವರಿಗೆ ಹೈಕ್ ಇಲ್ಲ ಅಂತ ಅದರಲ್ಲಿದ್ದರೆ ಮ್ಯಾನೇಜರ್ ಮಾತಿಗೆ ಬೆಲೆಯಿಲ್ಲ. ಇಲ್ಲದಿದ್ದರೆ ಅದೇ ಮೇಲ್‌ಗೆ ರಿಪ್ಲೈ ಮಾಡಿ ತಾರೀಕು ಕೇಳಿ.

ಕೊಟ್ಟಾರದ ಟೆಸ್ಟರ್: ಮತ್ತೆ ಕೇಳಿದರೆ ಅವರಿಗೆ ಸಿಟ್ಟು ಬರ್ತದಾ?

ಎಚ್‌ಆರ್ ಮೇಡಂ: ಬರಬಹುದು. ಆದರೂ ಏಪ್ರಿಲ್ 1ರ ಮೊದಲೇ ಕೇಳಿ.